ಮಹಾಸಭೆ ನೋಟಿಸ್: ಪ್ರಿಂಟ್‌ಗೆ ಕೊಡೋ ಮುನ್ನ ದಿನಾಂಕ, ಸಮಯ, ಠರಾವು ಮೂರನ್ನೂ ತಾಳೆ ನೋಡಿ

ಸೆಪ್ಟೆಂಬರ್ ಬಂತೆಂದರೆ ಹಾಲಿನ ಡೇರಿಯಿಂದ ಹಿಡಿದು ಪತ್ತಿನ ಸಹಕಾರ ಸಂಘದವರೆಗೆ ಎಲ್ಲ ಕಡೆ ವಾರ್ಷಿಕ ಮಹಾಸಭೆಯ ಸೀಸನ್. ಹೆಚ್ಚಿನ ಸಂಘಗಳಲ್ಲಿ ನೋಟಿಸ್ ಹೊಸದಾಗಿ ಬರೆಯುವುದಿಲ್ಲ. ಕಂಪ್ಯೂಟರ್‌ನಲ್ಲಿರುವ ಕಳೆದ ವರ್ಷದ ಫೈಲ್ ತೆಗೆದು ದಿನಾಂಕ ಬದಲಿಸಿ ಪ್ರಿಂಟ್‌ಗೆ ಕೊಡುತ್ತಾರೆ. ತಪ್ಪು ನುಸುಳುವುದು ಅಲ್ಲೇ. ಅದು ಗೊತ್ತಾಗೋದು ಸಭೆಯ ದಿನ, ಯಾರೋ ಒಬ್ಬ ಸದಸ್ಯರು ಎದ್ದು ನಿಂತು ನೋಟಿಸೇ ಸರಿಯಿಲ್ಲ ಅಂದಾಗ.

ದಿನಾಂಕಕ್ಕೆ ವಾರ ಹೊಂದುತ್ತಾ?

ಒಂದು ಹಾಲು ಉತ್ಪಾದಕರ ಸಂಘದ ಉದಾಹರಣೆ ತೆಗೆದುಕೊಳ್ಳೋಣ. ಕಳೆದ ಸಭೆ ನಡೆದದ್ದು 15-09-2024ರ ಭಾನುವಾರ. ಈ ಬಾರಿ 14-09-2025ರ ಭಾನುವಾರ ಅಂತ ಆಡಳಿತ ಮಂಡಳಿ ತೀರ್ಮಾನಿಸಿದೆ. ಹಳೇ ಫೈಲ್‌ನಲ್ಲಿ ಇಸವಿ ಮಾತ್ರ ಬದಲಿಸಿದರೆ ‘15-09-2025ನೇ ಭಾನುವಾರ’ ಅಂತಾಗುತ್ತದೆ. ಆದರೆ 15 ಸೋಮವಾರ. ಅರ್ಧ ಜನ ಭಾನುವಾರ ಬಂದರೆ ಇನ್ನರ್ಧ ಸೋಮವಾರ ಬರುತ್ತಾರೆ. ಹಾಗಾಗಿ ದಿನಾಂಕವನ್ನು ಕ್ಯಾಲೆಂಡರ್ ಜತೆಗೂ ಠರಾವು ಪುಸ್ತಕದ ಜತೆಗೂ ಹೋಲಿಸಬೇಕು. ಕ್ಯಾಲೆಂಡರ್ ಒಂದನ್ನೇ ನೋಡಿದರೆ ವಾರ ಸರಿಯಿದ್ದು, ತಾರೀಖೇ ಬೇರೆ ಆಗಿರುವುದು ಸಿಕ್ಕಿಬೀಳುವುದಿಲ್ಲ.

ಅಜೆಂಡಾದೊಳಗಿನ ಸಾಲುಗಳೂ ಹೀಗೇ. 2025ರ ಸೆಪ್ಟೆಂಬರ್ ಸಭೆಯಲ್ಲಿ ಓದಿ ದಾಖಲಿಸುವುದು 2024ರ ಸಭೆಯ ನಡವಳಿ. ಮಂಡಿಸುವ ಲೆಕ್ಕಪತ್ರ 31-03-2025ಕ್ಕೆ ಮುಗಿದ 2024-25ನೇ ಸಾಲಿನದು. ಅಂದಾಜು ಆಯವ್ಯಯ 2025-26ನೇ ಸಾಲಿನದು. ಈ ಮೂರರಲ್ಲಿ ಯಾವುದಾದರೂ ಒಂದು ಹಳೇದಾಗೇ ಉಳಿದರೆ, ಸಭೆ ಒಪ್ಪಿದ್ದು ಯಾವ ವರ್ಷದ ಲೆಕ್ಕ ಅನ್ನೋ ಗೊಂದಲ ಆಡಿಟ್‌ವರೆಗೂ ಹಿಂಬಾಲಿಸುತ್ತದೆ.

ಪೂರ್ಣ ದಿನಗಳ ಲೆಕ್ಕ

ನೋಟಿಸ್ ಎಷ್ಟು ದಿನ ಮೊದಲು ತಲುಪಬೇಕು ಅನ್ನೋದು ನಿಮ್ಮ ಸಂಘದ ಬೈಲಾದಲ್ಲಿ ಇರುತ್ತದೆ. ಅಲ್ಲಿ ‘15 ಪೂರ್ಣ ದಿನ’ ಅಂತಿದ್ದರೆ ನೋಟಿಸ್ ತಲುಪಿದ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸಬೇಕು. ಸಭೆ ಸೆಪ್ಟೆಂಬರ್ 14ಕ್ಕಿದ್ದರೆ ಆಗಸ್ಟ್ 30ರಿಂದ ಸೆಪ್ಟೆಂಬರ್ 13ರವರೆಗೆ 15 ದಿನ. ಅಂದರೆ ಆಗಸ್ಟ್ 29ರೊಳಗೆ ಸದಸ್ಯರ ಕೈ ಸೇರಿರಬೇಕು. ಸೆಪ್ಟೆಂಬರ್ 1ಕ್ಕೆ ಹಂಚಿದರೆ ಸಿಗೋದು 12 ದಿನ ಮಾತ್ರ. ನೋಟಿಸ್‌ನ ಕೆಳಗೆ ಹಾಕುವ ದಿನಾಂಕ ನಿಜವಾಗಿ ಹಂಚಿದ ದಿನಕ್ಕೆ ಹೊಂದಬೇಕು.

ಎರಡು ಕಡೆ ಬರುವ ಸಮಯ

ಸಭೆಯ ಸಮಯ ನೋಟಿಸ್‌ನಲ್ಲಿ ಸಾಮಾನ್ಯವಾಗಿ ಎರಡು ಕಡೆ ಇರುತ್ತದೆ. ಮೇಲೆ ಸಭೆ ಶುರುವಾಗುವ ಸಮಯ, ಕೆಳಗೆ ಕೋರಂ ಇಲ್ಲದೆ ಮುಂದೂಡಿದ ಸಭೆಯ ಸಮಯ. ಬೈಲಾದಲ್ಲಿ ಅರ್ಧ ಗಂಟೆ ಅಂತಿದೆ ಅಂದುಕೊಳ್ಳಿ. ಮೊದಲು 10-30ಕ್ಕೆ ಇದ್ದ ಸಭೆಯನ್ನು 11-30ಕ್ಕೆ ಬದಲಿಸಿ, ಕೆಳಗಿನ ‘11-00 ಗಂಟೆಗೆ’ ಅನ್ನುವುದನ್ನು ಹಾಗೇ ಬಿಟ್ಟರೆ, ಮುಂದೂಡಿದ ಸಭೆ ಮೂಲ ಸಭೆಗಿಂತ ಮೊದಲೇ ಶುರುವಾದಂತೆ! ಅದು 12-00 ಆಗಬೇಕು, ಜತೆಗೆ ‘ಮಧ್ಯಾಹ್ನ’ ಅಂತ ಬರೆಯಬೇಕು.

ಠರಾವಿನ ಮಾತು

ಇಲ್ಲಿ ಕಾಗುಣಿತಕ್ಕಿಂತ ಅರ್ಥ ಮುಖ್ಯ. ‘ಬೈಲಾ ತಿದ್ದುಪಡಿ ಬಗ್ಗೆ’ ಅಂತ ಒಂದೇ ಸಾಲು ಹಾಕಿದರೆ ಸದಸ್ಯರಿಗೆ ಏನೂ ಗೊತ್ತಾಗಲ್ಲ. ಷೇರು ಮೊತ್ತ ಏರಿಸುವ ವಿಷಯವಾದರೆ ಹೀಗಿರಬೇಕು: ‘ಬೈಲಾದಲ್ಲಿ ಒಂದು ಷೇರಿನ ಮೊತ್ತ ರೂ. 500 (ಐದು ನೂರು) ಎಂದಿರುವುದನ್ನು ರೂ. 1,000 (ಒಂದು ಸಾವಿರ) ಎಂದು ತಿದ್ದುಪಡಿ ಮಾಡುವ ಬಗ್ಗೆ ಚರ್ಚಿಸಿ ತೀರ್ಮಾನಿಸುವುದು.’ ಜತೆಗೆ ಬೈಲಾದ ಸಂಖ್ಯೆ. ಅಂಕಿ ಮತ್ತು ಅಕ್ಷರ ಎರಡೂ ಒಂದೇ ಮೊತ್ತ ಹೇಳುತ್ತವೆಯೇ ಅಂತ ನೋಡಿ.

ಕೊನೆಯ ಕ್ರಿಯಾಪದವನ್ನೂ ಗಮನಿಸಿ. ‘ತೀರ್ಮಾನಿಸಲಾಗಿದೆ’ ಅಂತ ಬಿದ್ದರೆ ಸಭೆಗೆ ಮೊದಲೇ ಎಲ್ಲ ಮುಗಿದಿದೆ ಅಂತಾಗುತ್ತದೆ, ಜಗಳಕ್ಕೆ ಅಷ್ಟೇ ಸಾಕು. ಬೈಲಾ ತಿದ್ದುಪಡಿಯಂಥ ವಿಷಯವನ್ನು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಅಡಿ ತರುವುದೂ ಬೇಡ. ತಿದ್ದುಪಡಿ ನಿಬಂಧಕರಲ್ಲಿ ನೋಂದಣಿ ಆಗಬೇಕು. ನೋಟಿಸ್‌ನಲ್ಲೇ ಇಲ್ಲದ ವಿಷಯ ಅಂತ ಅಲ್ಲಿ ಆಕ್ಷೇಪಣೆ ಬಂದರೆ ಮತ್ತೆ ಸಭೆ ಕರೆಯಬೇಕಾಗಬಹುದು.

ಇಬ್ಬರು ಕೂತು ಓದಿ

ಬರೆದವರೇ ತಿದ್ದಿದರೆ ತಪ್ಪು ಕಣ್ಣಿಗೆ ಬೀಳೋದು ಕಷ್ಟ. ಒಬ್ಬರು ನೋಟಿಸನ್ನು ಗಟ್ಟಿಯಾಗಿ, ಅಂಕಿಗಳನ್ನೂ ಬಿಡದೆ ಓದಲಿ. ಇನ್ನೊಬ್ಬರು ಬೈಲಾ, ಠರಾವು ಪುಸ್ತಕ, ಕ್ಯಾಲೆಂಡರ್ ಹಿಡಿದು ತಾಳೆ ನೋಡಲಿ. ಒಂದು ದಿನಾಂಕ ತಿದ್ದಿದ ಮೇಲೆ ಅದು ಬೇರೆಲ್ಲಿ ಬಂದಿದೆ ಅಂತ ಮತ್ತೊಮ್ಮೆ ಹುಡುಕಬೇಕು.

ಹಂಚಿದ ಮೇಲೆ ತಪ್ಪು ಕಂಡರೆ ನೋಟಿಸ್ ಬೋರ್ಡ್‌ನಲ್ಲಿ ಪೆನ್ನಿನಿಂದ ತಿದ್ದಿದರೆ ಸಾಲದು. ಮೊದಲ ನೋಟಿಸ್ ಯಾರ್‍ಯಾರಿಗೆ ಹೋಗಿತ್ತೋ ಅವರಿಗೆಲ್ಲ ತಿದ್ದುಪಡಿ ನೋಟಿಸ್ ಹೋಗಬೇಕು. ಬದಲಾದದ್ದು ಸಭೆಯ ದಿನಾಂಕವೇ ಆಗಿದ್ದರೆ ದಿನಗಳ ಲೆಕ್ಕವನ್ನು ಮತ್ತೆ ಮೊದಲಿಂದ ಹಾಕಬೇಕು.