ಎರಡು ಲಕ್ಷ ಏನು ಮಾಡಿತು?

ಚಿಕ್ಕಮಗಳೂರು ಕಡೆಯ ಒಂದು ಕಾಫಿ ಪುಡಿ ಕಂಪನಿ ಎಂದುಕೊಳ್ಳಿ. ಹುರಿದು ಪುಡಿ ಮಾಡುವುದು ಅಲ್ಲೇ, ಮಾರಾಟ ಬಹುಪಾಲು ಸ್ವಂತ ವೆಬ್‌ಸೈಟಿನಲ್ಲಿ. ಸೆಪ್ಟೆಂಬರ್‌ನಲ್ಲಿ ಜಾಹೀರಾತಿಗೆ 8 ಲಕ್ಷ ರೂಪಾಯಿ ಖರ್ಚು ಮಾಡಿದ್ದರು, ಅಕ್ಟೋಬರ್‌ನಲ್ಲಿ ಹಬ್ಬದ ಲೆಕ್ಕ ಹಾಕಿ 10 ಲಕ್ಷ ಮಾಡಿದರು. ತಿಂಗಳು ಮುಗಿದಿದೆ. ಜಾಹೀರಾತು ನೋಡಿಕೊಳ್ಳುವ ಹೆಣ್ಣುಮಗಳು ಫೇಸ್‌ಬುಕ್-ಇನ್‌ಸ್ಟಾಗ್ರಾಂ ಕಡೆಯಿಂದ ಒಂದು, ಗೂಗಲ್ ಕಡೆಯಿಂದ ಒಂದು ಎಕ್ಸೆಲ್ ಕಡತ ಇಳಿಸಿಕೊಂಡಿದ್ದಾರೆ. ಎರಡೂ ಸೇರಿದರೆ ಸಾವಿರಾರು ಸಾಲು. ಎಂಡಿ ಹತ್ತಿರ ಇರುವುದು ಬೆಳಗಿನ ಐದು ನಿಮಿಷ. ಅವರು ಕೇಳುವುದೂ ಒಂದೇ ಮಾತು: "ಎರಡು ಲಕ್ಷ ಜಾಸ್ತಿ ಕೊಟ್ಟೆನಲ್ಲಮ್ಮಾ, ಅದು ಏನು ಮಾಡಿತು?"

ಆ ಕಡತಗಳಲ್ಲಿ ಎಷ್ಟು ಹುಡುಕಿದರೂ ಈ ಪ್ರಶ್ನೆಗೆ ಉತ್ತರ ಬರೆದಿರುವುದಿಲ್ಲ. ಜಾಹೀರಾತು ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಒಂದು ಕ್ಲಿಕ್ಕಿಗೆ ಎಷ್ಟು ಬಿತ್ತು ಎಂಬ ಅಂಕಣಗಳೇ ತುಂಬಿರುತ್ತವೆ. ಹೊಸದಾಗಿ ಈ ಕೆಲಸಕ್ಕೆ ಬಂದವರು ಅದನ್ನೇ ಚಿಕ್ಕದು ಮಾಡಿ ಒಂದು ಹಾಳೆಗೆ ಇಳಿಸುತ್ತಾರೆ. ನಾನೂ ಬಹಳ ಕಾಲ ಹಾಗೇ ಮಾಡಿದೆ. ಅಂಥ ಹಾಳೆಯನ್ನು ಎಂಡಿ ಓದುತ್ತಾರೆ, ತಲೆಯಾಡಿಸುತ್ತಾರೆ, ಆಮೇಲೆ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ. ಅವರಿಗೆ ಬೇಕಾದ ಹಾಳೆ ಹುಟ್ಟುವುದು ಆ ಕಡತಗಳನ್ನು ಕಂಪನಿಯ ಸ್ವಂತ ಪುಸ್ತಕದ ಪಕ್ಕ ಇಟ್ಟು ತಾಳೆ ನೋಡಿದಾಗ.

ನಮ್ಮ ಕಾಫಿ ಕಂಪನಿಯ ಅಕ್ಟೋಬರ್ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅಂಕಿಗಳು ಉದಾಹರಣೆಗೆಂದು ನಾನೇ ಇಟ್ಟುಕೊಂಡವು. ಮೆಟಾ, ಅಂದರೆ ಫೇಸ್‌ಬುಕ್-ಇನ್‌ಸ್ಟಾಗ್ರಾಂ, ತನ್ನಿಂದ 1,500 ಆರ್ಡರ್ ಬಂದವು ಎನ್ನುತ್ತದೆ. ಗೂಗಲ್ ತನ್ನಿಂದ 1,300 ಎನ್ನುತ್ತದೆ. ಕೂಡಿಸಿದರೆ 2,800. ಆದರೆ ಕಂಪನಿಯ ಆರ್ಡರ್ ಪುಸ್ತಕದಲ್ಲಿ ಆ ತಿಂಗಳು ಎಲ್ಲ ದಾರಿಯಿಂದಲೂ ಬಂದ ಆರ್ಡರ್ ಒಟ್ಟು 2,100 ಮಾತ್ರ.

ಯಾರೂ ಸುಳ್ಳು ಹೇಳಿಲ್ಲ. ಮೈಸೂರಿನ ಒಬ್ಬರು ಸೋಮವಾರ ಇನ್‌ಸ್ಟಾಗ್ರಾಂನಲ್ಲಿ ಈ ಕಾಫಿಯ ಜಾಹೀರಾತು ಒತ್ತಿ ನೋಡಿ ಸುಮ್ಮನಾದರು. ಗುರುವಾರ ನೆನಪಾಗಿ ಗೂಗಲ್‌ನಲ್ಲಿ ಕಂಪನಿಯ ಹೆಸರು ಹುಡುಕಿ, ಮೇಲೆ ಕಂಡ ಜಾಹೀರಾತು ಒತ್ತಿ ಕೊಂಡರು. ಸಾಮಾನ್ಯವಾಗಿ ಮೆಟಾ ತನ್ನ ಜಾಹೀರಾತು ಒತ್ತಿದ 7 ದಿನದೊಳಗೆ ಆದ ಖರೀದಿಯನ್ನು ತನ್ನದೆಂದು ಎಣಿಸುತ್ತದೆ. ಒತ್ತದೆ ಬರೀ ನೋಡಿದ್ದರೂ 1 ದಿನದೊಳಗಿನದನ್ನು ಸೇರಿಸಿಕೊಳ್ಳುತ್ತದೆ. ಗೂಗಲ್‌ನಲ್ಲಿ ನಾವಾಗಿ ಬದಲಿಸದಿದ್ದರೆ ಕ್ಲಿಕ್ ಆದ ಮೇಲೆ 30 ದಿನದ ಗಡುವು. ಹೀಗೆ ಒಂದೇ ಪೊಟ್ಟಣ ಎರಡೂ ಪುಸ್ತಕದಲ್ಲಿ ಜಮೆಯಾಯಿತು. ಹಾಗಾಗಿ ಎರಡು ಕಡತಗಳ ಆರ್ಡರ್ ಅಂಕಣವನ್ನು ಕೂಡಿಸಿ ಎಂಡಿಗೆ ಕೊಡಲೇಬಾರದು. ಒಟ್ಟು ಖರ್ಚನ್ನು ಕೂಡಿಸಬಹುದು, ಏಕೆಂದರೆ ಅದು ಎರಡು ಬೇರೆ ಬಿಲ್ಲಿನ ಹಣ. ಆದರೆ 18 ಶೇಕಡಾ ಜಿಎಸ್‌ಟಿ ಒಳಗಿದೆಯೋ ಹೊರಗಿದೆಯೋ ಎಂದು ಒಂದು ಸಾಲಿನಲ್ಲಿ ಹೇಳಿಬಿಡಬೇಕು. ಇಲ್ಲದಿದ್ದರೆ ಲೆಕ್ಕಪತ್ರ ವಿಭಾಗದ ಅಂಕಿಯೂ ಈ ಹಾಳೆಯ ಅಂಕಿಯೂ ಹೊಂದದೆ ಐದು ನಿಮಿಷವೂ ಅದರಲ್ಲೇ ಕಳೆದುಹೋಗುತ್ತದೆ.

ಇನ್ನೊಂದು ತೊಡಕು ತಾರೀಕಿನದು. ನವೆಂಬರ್ 1ಕ್ಕೇ ಕಡತ ಇಳಿಸಿದರೆ ಅಕ್ಟೋಬರ್‌ನ ಕೊನೆಯ ವಾರ ಬಡವಾಗಿ ಕಾಣುತ್ತದೆ. ಅಕ್ಟೋಬರ್ 29ಕ್ಕೆ ಒತ್ತಿದವರು ನವೆಂಬರ್ 4ಕ್ಕೆ ಕೊಂಡರೆ ಗೂಗಲ್ ಆ ಖರೀದಿಯನ್ನು ಹಿಂದಕ್ಕೆ ಒಯ್ದು 29ನೇ ತಾರೀಕಿನ ಎದುರೇ ಬರೆಯುತ್ತದೆ. 1ನೇ ತಾರೀಕಿಗೆ ಆ ಖರೀದಿ ಇನ್ನೂ ಆಗಿಯೇ ಇರುವುದಿಲ್ಲ. ನಮ್ಮ ದೇಶದಲ್ಲಿ ಇದಕ್ಕಿಂತ ದೊಡ್ಡ ತಡ ಇನ್ನೊಂದಿದೆ: ಕ್ಯಾಶ್ ಆನ್ ಡೆಲಿವರಿ. ಪೊಟ್ಟಣ ಬಾಗಿಲಿಗೆ ಹೋಗುತ್ತದೆ, "ಬೇಡ" ಎನ್ನುತ್ತಾರೆ, ವಾಪಸ್ ಬರುತ್ತದೆ. ಅದು ಗೋದಾಮು ಸೇರಿ ಪುಸ್ತಕಕ್ಕೆ ಹತ್ತುವ ಹೊತ್ತಿಗೆ ಎರಡು ವಾರ ಕಳೆದಿರಬಹುದು. ಆದ್ದರಿಂದ ತಿಂಗಳ ಹಾಳೆಯನ್ನು 12ನೇ ತಾರೀಕಿನ ಹೊತ್ತಿಗೆ ಬರೆಯುವುದು ವಾಸಿ. 3ನೇ ತಾರೀಕಿಗೇ ಬೇಕೆಂದು ಎಂಡಿ ಹಟ ಹಿಡಿದರೆ, ಆ ದಿನದವರೆಗಿನ ಲೆಕ್ಕ ಎಂದು ಮೇಲೆಯೇ ಬರೆದು ಕೊಡಬೇಕು.

12ಕ್ಕೆ ನೋಡಿದಾಗ 2,100ರಲ್ಲಿ 300 ವಾಪಸ್ ಬಂದಿದ್ದವು. ಗ್ರಾಹಕರ ಕೈ ಸೇರಿದ್ದು 1,800. ಸೆಪ್ಟೆಂಬರ್‌ನಲ್ಲಿ ಈ ಸಂಖ್ಯೆ 1,600 ಇತ್ತು. ಖರ್ಚನ್ನು ಭಾಗಿಸಿದರೆ ತಲುಪಿದ ಒಂದು ಆರ್ಡರಿಗೆ ಸೆಪ್ಟೆಂಬರ್‌ನಲ್ಲಿ 500 ರೂಪಾಯಿ, ಅಕ್ಟೋಬರ್‌ನಲ್ಲಿ ಸುಮಾರು 556. ಬೀಜ, ಪ್ಯಾಕಿಂಗ್, ಕೊರಿಯರ್ ಎಲ್ಲ ಕಳೆದ ಮೇಲೆ ಒಂದು ಆರ್ಡರಿನಲ್ಲಿ ಜಾಹೀರಾತಿಗೂ ಲಾಭಕ್ಕೂ ಸೇರಿ ಉಳಿಯುವುದು 650. 556 ಅದರೊಳಗೇ ಇದೆ. ಇಲ್ಲಿಗೆ ನಿಂತರೆ "ಸ್ವಲ್ಪ ದುಬಾರಿಯಾಯಿತು, ಆದರೂ ಪರವಾಗಿಲ್ಲ" ಎಂದು ಬರೆದು ಮುಗಿಸಬಹುದು. ಬಹಳಷ್ಟು ಹಾಳೆಗಳು ಇಲ್ಲೇ ಮುಗಿಯುತ್ತವೆ.

ಎಂಡಿ ಕೇಳಿದ್ದು ಸರಾಸರಿಯನ್ನಲ್ಲ, ಜಾಸ್ತಿ ಕೊಟ್ಟ ಎರಡು ಲಕ್ಷವನ್ನು. ಎರಡು ಲಕ್ಷ ಹೆಚ್ಚು ಹೋಯಿತು, 200 ಆರ್ಡರ್ ಹೆಚ್ಚು ಬಂತು. ಅಂದರೆ ಆ ಹೆಚ್ಚುವರಿ ಆರ್ಡರ್ ಒಂದೊಂದಕ್ಕೂ ಬಿದ್ದದ್ದು 1,000 ರೂಪಾಯಿ. ಉಳಿಯುವ 650ಕ್ಕೆ ಸಾವಿರ ಕೊಟ್ಟಂತಾಯಿತು. ಹಳೆಯ 8 ಲಕ್ಷದ ದುಡಿಮೆ ಹೊಸ 2 ಲಕ್ಷದ ನಷ್ಟವನ್ನು 556ರ ಮರೆಯಲ್ಲಿ ಮುಚ್ಚಿತ್ತು. ಅದೂ ಅಲ್ಲದೆ ಹಬ್ಬದ ತಿಂಗಳಲ್ಲಿ ಜಾಹೀರಾತಿಲ್ಲದಿದ್ದರೂ ಕೆಲವು ಆರ್ಡರ್ ಏರಿಯೇ ಏರುತ್ತವೆ, ಹಾಗಾಗಿ ನಿಜವಾದ ಬೆಲೆ ಸಾವಿರಕ್ಕಿಂತ ಹೆಚ್ಚೇ ಇರಬಹುದು. ಹೋದ ವರ್ಷದ ಅಕ್ಟೋಬರ್ ಜೊತೆ ಹೋಲಿಸೋಣವೆಂದರೆ ಅದೂ ಸುಲಭವಲ್ಲ. ದೀಪಾವಳಿ 2023ರಲ್ಲಿ ನವೆಂಬರ್ ನಡುವಿನ ಹತ್ತಿರ ಬಿತ್ತು, 2024ರಲ್ಲಿ ಅಕ್ಟೋಬರ್ ಕೊನೆಗೆ, 2025ರಲ್ಲಿ ಅಕ್ಟೋಬರ್ 20ರ ಸುಮಾರಿಗೆ. ಹೋಲಿಸಬೇಕಾದ್ದು ಹಬ್ಬಕ್ಕೆ ಮುಂಚಿನ ನಾಲ್ಕು ವಾರವನ್ನು ಹೋದ ವರ್ಷದ ಅದೇ ನಾಲ್ಕು ವಾರದ ಜೊತೆ.

ಹಣ ಎಲ್ಲಿ ಸೋರಿತು? ಕಡತದ ಸಾಲುಗಳಿಗೆ ಮತ್ತೆ ಇಳಿಯುವ ಸಮಯ ಇದು. ಎರಡು ಲಕ್ಷದಲ್ಲಿ ಒಂದೂವರೆ ಲಕ್ಷ ಹೋದದ್ದು ಇನ್‌ಸ್ಟಾಗ್ರಾಂನ ಹೊಸ ಉಡುಗೊರೆ ಪೆಟ್ಟಿಗೆಯ ವಿಡಿಯೊ ಜಾಹೀರಾತಿಗೆ. ಮೆಟಾ ಕಡತದ ಪ್ರಕಾರ ಇದೇ ತಿಂಗಳ ನಾಯಕ: 400 ಆರ್ಡರ್, 5,60,000 ರೂಪಾಯಿ ಮಾರಾಟ, ಕೊಟ್ಟ ಪ್ರತಿ ರೂಪಾಯಿಗೆ 3.73 ರೂಪಾಯಿ. ಆರ್ಡರ್ ಪುಸ್ತಕದಲ್ಲಿ ಆ ಜಾಹೀರಾತಿನ ಕೊಂಡಿಯಿಂದ ಬಂದವು ಎಂದು ಗುರುತಾಗಿದ್ದು 310. ಅವುಗಳಲ್ಲಿ 190 ವಾಪಸ್. ಬಹುತೇಕ ಎಲ್ಲವೂ ಕ್ಯಾಶ್ ಆನ್ ಡೆಲಿವರಿ. ಉಳಿದದ್ದು 120. ಒಂದೊಂದಕ್ಕೆ 1,250 ರೂಪಾಯಿ ಬಿತ್ತು. ಇದೊಂದನ್ನು ತೆಗೆದಿಟ್ಟರೆ ಉಳಿದ 8,50,000 ರೂಪಾಯಿ 1,680 ಆರ್ಡರ್ ತಂದಿದೆ, ಒಂದಕ್ಕೆ 506. ಅಂದರೆ ಬೇರೆ ಯಾವ ಜಾಹೀರಾತೂ ಕೆಟ್ಟಿಲ್ಲ.

ಇಲ್ಲಿ ಬರೆಯುವವರು ಒಂದು ಆಕ್ಷೇಪಣೆಯನ್ನು ತಾವೇ ಎತ್ತಿಕೊಳ್ಳಬೇಕು, ಎಂಡಿ ಎತ್ತುವ ಮೊದಲು. ವಿಡಿಯೊ ನೋಡಿ, ಕೊಂಡಿ ಒತ್ತದೆ, ಆಮೇಲೆ ನೇರವಾಗಿ ವೆಬ್‌ಸೈಟಿಗೆ ಬಂದು ಕೊಂಡವರು ಇರಬಹುದಲ್ಲ? ಇರಬಹುದು. ಹಾಗಾಗಿ ಮೆಟಾ ಹೇಳುವ 400 ಅನ್ನೇ ಪೂರ್ತಿ ಒಪ್ಪಿ ನೋಡೋಣ. ವಾಪಸ್ ಬರುವ ಪ್ರಮಾಣ ಅಷ್ಟೇ ಎಂದಿಟ್ಟುಕೊಂಡರೆ ತಲುಪುವುದು ಸುಮಾರು 155, ಒಂದಕ್ಕೆ 970ರ ಹತ್ತಿರ. ಆಗಲೂ 650ಕ್ಕಿಂತ ಮೇಲೆಯೇ. ಎರಡೂ ಲೆಕ್ಕ ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ಧೈರ್ಯವಾಗಿ ಬರೆಯಬಹುದು. ಒಂದು ಲೆಕ್ಕ ಲಾಭ, ಇನ್ನೊಂದು ನಷ್ಟ ಎಂದಿದ್ದರೆ ಹಾಳೆಯಲ್ಲಿ "ಇನ್ನೂ ಒಂದು ತಿಂಗಳು ನೋಡಬೇಕು" ಎಂದೇ ಬರೆಯಬೇಕಿತ್ತು.

ಇಷ್ಟಾದ ಮೇಲೆ ಬರೆದ ಹಾಳೆ ಹೀಗಿತ್ತು:

"ಅಕ್ಟೋಬರ್ ಜಾಹೀರಾತು: ನವೆಂಬರ್ 12ರವರೆಗಿನ ಲೆಕ್ಕ, ಜಿಎಸ್‌ಟಿ ಬಿಟ್ಟು.

ಹೆಚ್ಚಿಗೆ ಕೊಟ್ಟ 2 ಲಕ್ಷ ನಮಗೆ ನಷ್ಟ ತಂದಿದೆ. ಅದರಿಂದ ಬಂದ ಒಂದೊಂದು ಆರ್ಡರಿಗೆ 1,000 ರೂಪಾಯಿ ಬಿದ್ದಿದೆ. ಒಂದು ಆರ್ಡರಿನಲ್ಲಿ ನಮಗೆ ಉಳಿಯುವುದು 650.

ಒಟ್ಟು ಖರ್ಚು 10 ಲಕ್ಷ (ಸೆಪ್ಟೆಂಬರ್ 8 ಲಕ್ಷ). ಗ್ರಾಹಕರಿಗೆ ತಲುಪಿದ ಆರ್ಡರ್ 1,800 (ಸೆಪ್ಟೆಂಬರ್ 1,600).

ಕಾರಣ ಉಡುಗೊರೆ ಪೆಟ್ಟಿಗೆಯ ವಿಡಿಯೊ ಜಾಹೀರಾತು. 1.5 ಲಕ್ಷ ಖರ್ಚು, 310 ಆರ್ಡರ್, 190 ವಾಪಸ್. ಮೆಟಾ ಇದನ್ನು ಅತ್ಯುತ್ತಮ ಎಂದು ತೋರಿಸುತ್ತದೆ, ಏಕೆಂದರೆ ವಾಪಸ್ ಬಂದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಉಳಿದ ಜಾಹೀರಾತುಗಳು ಸೆಪ್ಟೆಂಬರ್ ಮಟ್ಟದಲ್ಲೇ ಇವೆ.

ತಿಳಿಯದೆ ಇರುವುದು: ಪೆಟ್ಟಿಗೆ ಇಟ್ಟುಕೊಂಡ 120 ಜನರಲ್ಲಿ ಎಷ್ಟು ಮಂದಿ ಮತ್ತೆ ಕೊಳ್ಳುತ್ತಾರೆ ಎಂಬುದು. ಜನವರಿ ಲೆಕ್ಕದಲ್ಲಿ ಹೇಳುತ್ತೇವೆ.

ನಿಮ್ಮ ಒಪ್ಪಿಗೆ ಬೇಕು: ಈ ಜಾಹೀರಾತನ್ನು ಇಂದೇ ನಿಲ್ಲಿಸುವುದು. ಉಡುಗೊರೆ ಪೆಟ್ಟಿಗೆಗೆ ಮುಂಗಡ ಹಣ ಕೊಟ್ಟವರ ಆರ್ಡರ್ ಮಾತ್ರ ತೆಗೆದುಕೊಂಡು, 30,000 ರೂಪಾಯಿಯಲ್ಲಿ ಎರಡು ವಾರ ಮತ್ತೆ ಪರೀಕ್ಷಿಸುವುದು."

ಅಷ್ಟೇ. ಕ್ಲಿಕ್ ಇಲ್ಲ, ಗ್ರಾಫ್ ಇಲ್ಲ. ಹಾಳೆಯ ಅರ್ಧ ಖಾಲಿ ಉಳಿಯುತ್ತದೆ, ಉಳಿಯಲಿ. ಆ ಜಾಗಕ್ಕೆ ಏನಾದರೂ ತುಂಬಬೇಕೆಂಬ ಆಸೆ ಬಲವಾಗಿರುತ್ತದೆ, ವಾರಗಟ್ಟಲೆ ಕೆಲಸ ಮಾಡಿದ್ದು ಕಾಣಲಿ ಎಂದು. ಕೆಲಸದ ಪುರಾವೆ ಬೇರೆ ಕಡತದಲ್ಲಿರಲಿ, ಕೇಳಿದರೆ ಒಂದು ನಿಮಿಷದಲ್ಲಿ ತೆಗೆದು ತೋರಿಸುವಂತಿರಬೇಕು. ಮೊದಲ ಸಾಲಿನ 1,000ಕ್ಕೆ ಆಧಾರ ಯಾವ ಕಡತದ ಯಾವ ಸಾಲು ಎಂದು ಬರೆದವರಿಗೆ ಬಾಯಲ್ಲೇ ಇರಬೇಕು. ನನ್ನ ಅನುಭವದಲ್ಲಿ ಎಂಡಿಗಳು ಹಾಳೆಯನ್ನು ನಂಬುವುದೋ ಬಿಡುವುದೋ ತೀರ್ಮಾನವಾಗುವುದು ಆ ಒಂದು ಉತ್ತರದಲ್ಲಿ. "ನಷ್ಟ" ಎಂಬ ಮಾತನ್ನು ಮೊದಲ ಸಾಲಿಗೇ ತರಲು ಕೈ ನಡುಗುವುದುಂಟು, ಆ ವಿಡಿಯೊ ಮಾಡಿಸಿದವರೇ ಹಾಳೆ ಬರೆಯುವವರಾದರಂತೂ ಇನ್ನೂ. ಅದನ್ನು ಕೆಳಗೆ ತಳ್ಳಿದರೆ ಎಂಡಿ ಅಲ್ಲಿಗೆ ಮುಟ್ಟುವ ಮೊದಲೇ ಫೋನ್ ಬರುತ್ತದೆ, ಜಾಹೀರಾತು ಇನ್ನೊಂದು ತಿಂಗಳು ಓಡುತ್ತದೆ.

ಎಂಡಿ ಎರಡು ನಿಮಿಷದಲ್ಲಿ ಓದಿ ಮುಗಿಸಿದರು, ಕೊನೆಯ ಸಾಲಿನ ಪಕ್ಕ ಸಹಿ ಹಾಕಿದರು. ಆಮೇಲೆ ಪೆನ್ನು ಮುಚ್ಚದೆ ಕೇಳಿದರು:

"ವಾಪಸ್ ಬಂದ 190 ಪೆಟ್ಟಿಗೆ ಈಗ ಎಲ್ಲಿವೆ?"

"ಗೋದಾಮಿನಲ್ಲಿರಬೇಕು, ಸರ್."

"ಪುಡಿ ಮಾಡಿ ಎಷ್ಟು ದಿನ ಆಯಿತು?"

ಹುರಿದು ಪುಡಿ ಮಾಡಿದ ಕಾಫಿಯ ಘಮ ವಾರಗಳಲ್ಲಿ ಇಳಿಯುತ್ತದೆ. ಹೋಗಿ ಬಂದು ಎರಡು ವಾರ ಕೊರಿಯರ್ ಗಾಡಿಯಲ್ಲಿ ಸುತ್ತಿದ ಪೆಟ್ಟಿಗೆಯನ್ನು ಮತ್ತೊಬ್ಬರಿಗೆ ಹೊಸದೆಂದು ಕಳಿಸುವಂತಿಲ್ಲ. ಆ ನಷ್ಟ ಯಾವ ಜಾಹೀರಾತು ಕಡತದಲ್ಲೂ ಇರಲಿಲ್ಲ, ಹಾಳೆಯಲ್ಲೂ ಬಂದಿರಲಿಲ್ಲ. ಆಕೆ ಹಾಳೆಯನ್ನು ವಾಪಸ್ ತೆಗೆದುಕೊಂಡು, ಖಾಲಿ ಇದ್ದ ಕೆಳಗಿನ ಅರ್ಧದಲ್ಲಿ "ಪೆಟ್ಟಿಗೆಯೊಳಗಿನ ಪುಡಿ?" ಎಂದು ಬರೆದುಕೊಂಡು ಗೋದಾಮಿಗೆ ಫೋನ್ ಹಚ್ಚಿದರು.