ಐದು ಲೇಖನ, ಒಂದು ಹಾಳೆ

ಸೈಟು ಕೊಳ್ಳುವವರಿಗಾಗಿ ಅಂತರ್ಜಾಲದಲ್ಲಿ ಕನ್ನಡದಲ್ಲಿ ಬರೆಯುವ ವಕೀಲರೊಬ್ಬರು ಇದ್ದಾರೆಂದು ಇಟ್ಟುಕೊಳ್ಳಿ. ಕ್ರಯಪತ್ರ, ಖಾತಾ, ಇಸಿ, ಭೂ ಪರಿವರ್ತನೆ, ತೆರಿಗೆ ರಸೀದಿ, ಹೀಗೆ ಐದು ಲೇಖನಗಳಿವೆ. ಗೂಗಲ್‌ನಲ್ಲಿ ಹುಡುಕಿಕೊಂಡು ಬಂದವರು ಓದುತ್ತಾರೆ, ಹೋಗುತ್ತಾರೆ. ಹೊಸ ಲೇಖನ ಬಂದಿದೆ ಎಂದು ಅವರಿಗೆ ತಿಳಿಸುವ ದಾರಿ ವಕೀಲರಿಗಿಲ್ಲ. ಅದೇ ಲೇಖನಗಳಿಂದ ಒಂದು ಚೆಕ್‌ಲಿಸ್ಟ್ ಮಾಡಿ, ಇಮೇಲ್ ವಿಳಾಸ ಕೊಟ್ಟವರಿಗೆ ಪಿಡಿಎಫ್ ಕಳಿಸಿದರೆ ಆ ದಾರಿ ತೆರೆಯುತ್ತದೆ.

ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಐದು ಲೇಖನಗಳ ಸಾರಾಂಶ ಬರೆದು ಅದನ್ನೇ ಚೆಕ್‌ಲಿಸ್ಟ್ ಎನ್ನುತ್ತಾರೆ. ಲೇಖನಗಳು ವಿಷಯದ ಪ್ರಕಾರ ಇರುತ್ತವೆ, ಚೆಕ್‌ಲಿಸ್ಟ್ ಇರಬೇಕಾದದ್ದು ಕೆಲಸ ನಡೆಯುವ ಕ್ರಮದಲ್ಲಿ. ಆದ್ದರಿಂದ ಎಲ್ಲವನ್ನೂ ಬಿಡಿಸಿ ಮೂರು ಗುಂಪು ಮಾಡಬೇಕು: ಮುಂಗಡ ಕೊಡುವ ಮೊದಲು, ಕರಾರು ಮಾಡಿಕೊಳ್ಳುವ ಮೊದಲು, ನೋಂದಣಿಯ ದಿನ. ಇಸಿ ಬಗ್ಗೆ ಲೇಖನದಲ್ಲಿ ಎರಡು ಪುಟ ಇರಬಹುದು. ಹಾಳೆಯಲ್ಲಿ ಅದು ಹೀಗೆ ಇಳಿಯುತ್ತದೆ: ‘ಇಸಿಯಲ್ಲಿರುವ ಸರ್ವೆ ನಂಬರು, ಅಳತೆ, ಚೆಕ್ಕುಬಂದಿ ಮೂರೂ ಕ್ರಯಪತ್ರದಲ್ಲಿ ಇರುವಂತೆಯೇ ಇವೆಯೇ?’ ಹೌದು ಅಥವಾ ಇಲ್ಲ ಎಂದು ಗುರುತು ಹಾಕಲು ಬರಬೇಕು. ‘ಇಸಿಯನ್ನು ಎಚ್ಚರಿಕೆಯಿಂದ ಪರಿಶೀಲಿಸಿ’ ಎಂದು ಬರೆದರೆ ಯಾರೂ ಗುರುತು ಹಾಕಲಾರರು, ಎಚ್ಚರಿಕೆ ಎಂದರೆ ಏನು ನೋಡಬೇಕು ಎಂಬುದೇ ಅವರಿಗೆ ಗೊತ್ತಿಲ್ಲವಲ್ಲ. ನೋಂದಣಿಯಾಗದ ಕರಾರು ಇಸಿಯಲ್ಲಿ ಕಾಣುವುದಿಲ್ಲ ಎಂಬಂಥ ವಿವರಣೆ ಲೇಖನದಲ್ಲೇ ಉಳಿಯಲಿ. ಹಾಳೆಯ ಸಾಲಿನ ಪಕ್ಕದಲ್ಲಿ ಆ ಲೇಖನದ ಕೊಂಡಿ ಇದ್ದರೆ ಸಾಕು. ಒಂದು ಎ4 ಹಾಳೆಯ ಒಂದೇ ಮಗ್ಗುಲಲ್ಲಿ ಎಲ್ಲವೂ ಹಿಡಿಸಬೇಕು, ಕಪ್ಪುಬಿಳುಪು ಜೆರಾಕ್ಸ್‌ನಲ್ಲೂ ಓದಲು ಬರಬೇಕು. ಇದನ್ನು ಹಿಡಿದು ಜನ ಹೋಗುವುದು ಸಬ್ ರಿಜಿಸ್ಟ್ರಾರ್ ಕಚೇರಿಗೆ.

ಕನ್ನಡದಲ್ಲಿ ಮಾಡುವವರಿಗೆ ಇನ್ನೊಂದು ತೊಡಕಿದೆ. ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡ ಹಾಳೆ ಓದುಗರ ಮೊಬೈಲಿನಲ್ಲಿ ಒತ್ತಕ್ಷರಗಳು ಕಳಚಿಬಿದ್ದಂತೆ ತೋರಬಹುದು. ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಅಥವಾ ಪಿಡಿಎಫ್ ಒಳಗೆ ಫಾಂಟ್ ಸೇರದಿದ್ದರೆ ಹೀಗಾಗುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಯುನಿಕೋಡ್ ಫಾಂಟ್ ಬಳಸಿ, ಪಿಡಿಎಫ್ ಅನ್ನು ಬೇರೆಯವರ ಫೋನಿಗೆ ಕಳಿಸಿ ‘ಕ್ರಯಪತ್ರ’, ‘ಚೆಕ್ಕುಬಂದಿ’ಯಂಥ ಪದಗಳನ್ನು ದೊಡ್ಡದು ಮಾಡಿ ನೋಡಿ. ಒಂದು ಪದವನ್ನು ಕಾಪಿ ಮಾಡಿ ಮೆಸೇಜಿನಲ್ಲಿ ಅಂಟಿಸಿದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ, ಅದು ಹಳೆಯ ಫಾಂಟಿನ ಕೆಲಸವೆಂದು ತಿಳಿಯಿರಿ.

ವಿಳಾಸ ಕೇಳುವ ಪೆಟ್ಟಿಗೆಯನ್ನು ಲೇಖನದ ನಡುವೆ, ‘ಈ ದಾಖಲೆಗಳನ್ನೆಲ್ಲ ನೆನಪಿಡುವುದು ಹೇಗಪ್ಪ’ ಎಂದು ಓದುಗರಿಗೆ ಅನಿಸುವ ಜಾಗದಲ್ಲಿ ಇಡಿ. ಮುಖಪುಟದ ಮೂಲೆಯಲ್ಲಿಟ್ಟರೆ ಯಾರೂ ನೋಡುವುದಿಲ್ಲ. ಕೇಳುವುದು ಇಮೇಲ್ ಒಂದನ್ನೇ. ಫೋನ್ ನಂಬರ್ ಕೇಳಿದರೆ ದಲ್ಲಾಳಿಗಳ ಕರೆ ಬರುತ್ತದೆಂದು ಜನ ಹಿಂದೆ ಸರಿಯುತ್ತಾರೆ. ಹಾಳೆಯ ಜೊತೆಗೆ ಆಗಾಗ ಪತ್ರವೂ ಬರುತ್ತದೆ ಎಂದು ಅಲ್ಲೇ ಬರೆಯಬೇಕು. ಹಾಗೆ ಹೇಳದೆ ಪಟ್ಟಿಗೆ ಸೇರಿಸಿದರೆ ಜನ ಆ ಪತ್ರಗಳನ್ನು ಸ್ಪ್ಯಾಮ್ ಎಂದು ಒತ್ತುತ್ತಾರೆ. ಅಂಥ ದೂರು ಹೆಚ್ಚಾದಷ್ಟೂ ಒಪ್ಪಿ ಸೇರಿದವರಿಗೆ ಕಳಿಸಿದ ಪತ್ರವೂ ಇನ್‌ಬಾಕ್ಸ್ ತಲುಪದೇ ಹೋಗುತ್ತದೆ. ಪಿಡಿಎಫ್ ಅನ್ನು ಪುಟದಲ್ಲೇ ಇಳಿಸಿಕೊಳ್ಳಲು ಬಿಡಬೇಡಿ. ಮೊದಲು ದೃಢೀಕರಣದ ಇಮೇಲ್ ಹೋಗಲಿ, ಅದರಲ್ಲಿನ ಕೊಂಡಿ ಒತ್ತಿದವರಿಗೆ ಹಾಳೆ ಸಿಗಲಿ. ತಪ್ಪು ವಿಳಾಸ, ಸುಳ್ಳು ವಿಳಾಸ ಅಲ್ಲೇ ಉದುರುತ್ತವೆ. ಇದರಿಂದ ಪಟ್ಟಿ ಚಿಕ್ಕದಾಗುತ್ತದೆ ನಿಜ, ಆದರೂ ನಾನು ಇದನ್ನೇ ಆರಿಸುತ್ತೇನೆ. ವಿಳಾಸ ಕೊಟ್ಟವರು 100 ಮಂದಿ, ದೃಢಪಡಿಸಿದವರು 40 ಮಾತ್ರ ಎಂದಾದರೆ ಆ ಇಮೇಲ್ ಸ್ಪ್ಯಾಮ್ ಡಬ್ಬಿಗೆ ಬೀಳುತ್ತಿರಬಹುದು; ನಿಮ್ಮದೇ ಇನ್ನೊಂದು ಖಾತೆಗೆ ಕಳಿಸಿ ಪರೀಕ್ಷಿಸಿ. ನಮ್ಮಲ್ಲಿ ಆಂಡ್ರಾಯ್ಡ್ ಫೋನಿನಿಂದಾಗಿ ಜಿಮೇಲ್ ವಿಳಾಸ ಬಹುತೇಕ ಎಲ್ಲರಿಗೂ ಇದೆ, ಆದರೆ ದಿನವೂ ತೆರೆದು ನೋಡುವವರು ಕಡಿಮೆ. ‘ಈಗಲೇ ಜಿಮೇಲ್ ತೆರೆಯಿರಿ, ಕಾಣದಿದ್ದರೆ ಸ್ಪ್ಯಾಮ್‌ನಲ್ಲಿ ಹುಡುಕಿ’ ಎಂಬ ಸಾಲು ವಿಳಾಸ ಕೊಟ್ಟ ಕೂಡಲೇ ಕಾಣಿಸಿಕೊಳ್ಳಬೇಕು.

ಹಾಳೆ ವಾಟ್ಸಾಪ್‌ನಲ್ಲಿ ಹರಿದಾಡುವುದಂತೂ ಖಂಡಿತ. ತಡೆಯಲು ಹೋಗಬೇಡಿ. ಅಡಿಯಲ್ಲಿ ಎರಡು ವಿಷಯ ಅಚ್ಚಾಗಿರಲಿ: ಹಾಳೆ ತಯಾರಾದ ತಿಂಗಳು, ಹೊಸದು ಬೇಕಾದವರು ಹೆಸರು ನೋಂದಾಯಿಸಬೇಕಾದ ವಿಳಾಸ. 2024ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದಾಗ ಇಂಥ ಹಳೆಯ ಪಟ್ಟಿಗಳೆಲ್ಲ ಒಂದು ಸಾಲು ಹಿಂದೆ ಬಿದ್ದವು. ಫಾರ್ವರ್ಡ್ ಆಗಿ ಬಂದ ಹಾಳೆ ಹಿಡಿದವರಿಗೆ ಅದನ್ನು ತಿಳಿಸುವವರು ಯಾರೂ ಇಲ್ಲ. ಇಮೇಲ್ ಪಟ್ಟಿಯಲ್ಲಿದ್ದವರಿಗೆ ಮಾತ್ರ ವಕೀಲರು ತಿದ್ದಿದ ಹಾಳೆಯನ್ನು, ಯಾವ ಸಾಲು ಏಕೆ ಬದಲಾಯಿತೆಂದು ಬರೆದು, ಅದೇ ವಾರ ಕಳಿಸಬಹುದು.