"ಕೊಡಾಕ ಬರಂಗಿಲ್ಲ" ಅಂದ್ರ ಯಾವ ಕಲಂ ಅಂತ ನೋಡ್ರಿ

ಮಾಹಿತಿ ಹಕ್ಕಿನ ಅರ್ಜಿ ಹಾಕೋದು ಈಗ ಹಳ್ಳಿಗಳಲ್ಲಿ ಹೊಸದೇನಲ್ಲ. ನಮ್ಮ ರಾಜ್ಯ 2000ದಲ್ಲೇ ಇದಕ್ಕೊಂದು ಕಾಯ್ದೆ ಮಾಡಿತ್ತು. ಇಡೀ ದೇಶದ ಕಾಯ್ದೆ 2005ರ ಅಕ್ಟೋಬರ್ 12ರಿಂದ ಜಾರಿಯಲ್ಲಿದೆ. ಅರ್ಜಿಗೆ 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಯಾಕೆ ಬೇಕು ಅಂತ ಕಾರಣ ಹೇಳಬೇಕಾಗಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಇಷ್ಟು ಬಹಳ ಮಂದಿಗೆ ಗೊತ್ತು.

ತೊಡಕು ಇರೋದು ಉತ್ತರ ಬಂದ ಮೇಲೆ. "ಸದರಿ ಮಾಹಿತಿಯನ್ನು ನೀಡಲು ಬರುವುದಿಲ್ಲ" ಅಂತ ಒಂದು ಸಾಲಿನ ಪತ್ರ ಬರುತ್ತದೆ. ಅದನ್ನು ಮಡಚಿ ಮಾಡದೊಳಗೆ ಇಟ್ಟುಬಿಟ್ಟರೆ ಅಲ್ಲಿಗೆ ಮುಗಿಯಿತು. ಆದರೆ ಇಲ್ಲ ಅನ್ನಲಿಕ್ಕೂ ಕಾಯ್ದೆಯಲ್ಲಿ ಒಂದು ಅಳತೆ ಇದೆ. ಏನೇನು ಕೊಡಬೇಕಾಗಿಲ್ಲ ಅಂತ 8ನೇ ಕಲಮಿನಲ್ಲಿ ಪಟ್ಟಿ ಇದೆ. ಇಲ್ಲ ಅನ್ನುವ ಅಧಿಕಾರಿ ಮೂರು ಸಂಗತಿ ಬರೆಯಲೇಬೇಕು: ಯಾವ ಕಾರಣಕ್ಕೆ ಇಲ್ಲ, ಎಷ್ಟು ದಿನದೊಳಗೆ ಮೇಲ್ಮನವಿ ಹಾಕಬಹುದು, ಯಾರಿಗೆ ಹಾಕಬೇಕು. ಇದು 7ನೇ ಕಲಮಿನ 8ನೇ ಉಪಕಲಂ.

ಕೆಲವು ಪ್ರಸಂಗ ಇಟ್ಟುಕೊಂಡು ನೋಡೋಣ. ಇವು ಯಾವುದೇ ಒಬ್ಬರ ಕಥೆಯಲ್ಲ. ನಮ್ಮ ಹನುಮನಹಳ್ಳಿಯಂಥ ಒಣಬೇಸಾಯದ ಊರಿನ ರೈತನಿಗೆ ಬರಬಹುದಾದ ಉತ್ತರಗಳನ್ನೇ ಉದಾಹರಣೆಗೆ ಕಟ್ಟಿಕೊಂಡಿದ್ದೇನೆ.

ಒಂದು: ಕೃಷಿಹೊಂಡದ ಪಟ್ಟಿ

ರೈತನೊಬ್ಬ ಕೃಷಿಹೊಂಡಕ್ಕೆ ಅರ್ಜಿ ಹಾಕಿ ಎರಡು ವರ್ಷ ಕಾದಿದ್ದಾನೆ. ತನ್ನ ಹಿಂದೆ ಹಾಕಿದವರಿಗೆ ಮಂಜೂರಾಗಿದೆ ಅಂತ ಸುದ್ದಿ. ಒಂದೆರಡು ಹೊಂಡ ತೆಗೆಯದೇ ಬಿಲ್ಲಾಗಿದೆ ಅಂತಲೂ ಮಾತು. ಅವನು ಕೃಷಿ ಇಲಾಖೆಗೆ ಹೀಗೆ ಬರೆಯುತ್ತಾನೆ: "ನಮ್ಮ ಗ್ರಾಮದಲ್ಲಿ ಕೃಷಿಹೊಂಡಕ್ಕೆ ಸಹಾಯಧನ ಪಡೆದವರ ಪೂರ್ತಿ ಮಾಹಿತಿ ಕೊಡಿ." ಉತ್ತರ: "ಇದು ವೈಯಕ್ತಿಕ ಮಾಹಿತಿ. ಕಲಂ 8(1)(ಜೆ) ಪ್ರಕಾರ ನೀಡಲಾಗದು."

ಈ (ಜೆ) ಅನ್ನೋದನ್ನು ಈಗ ಎಲ್ಲರೂ ತಿಳಿದಿರಬೇಕು, ಯಾಕಂದರೆ ಇದು ಬದಲಾಗಿದೆ. ಮೊದಲು ವೈಯಕ್ತಿಕ ಮಾಹಿತಿ ಅಂದಾಕ್ಷಣ ಇಲ್ಲ ಅನ್ನಲು ಬರುತ್ತಿರಲಿಲ್ಲ. ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇಲ್ಲ ಅಂತಲೋ, ಕೊಟ್ಟರೆ ಒಬ್ಬರ ಖಾಸಗಿ ಬಾಳಿನಲ್ಲಿ ಕೈ ಹಾಕಿದಂತಾಗುತ್ತದೆ ಅಂತಲೋ ತೋರಿಸಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಮಾತುಗಳನ್ನು ತೆಗೆದುಹಾಕಿತು. ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಈಗ (ಜೆ)ಯಲ್ಲಿ ಉಳಿದಿರೋದು "ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು" ಅನ್ನುವಷ್ಟೇ. ಹೆಸರಿರುವ ಯಾವ ಕಾಗದಕ್ಕೂ ಈ ಮಾತು ಹಚ್ಚಲು ಅಧಿಕಾರಿಗೆ ಸುಲಭವಾಗಿದೆ.

ಹಾಗಾದರೆ ದಾರಿ ಮುಚ್ಚಿತೇ? ಇಲ್ಲ. ಮೂರು ಕಲಂ ಹಾಗೇ ಉಳಿದಿವೆ.

ಮೊದಲನೆಯದು ಕಲಂ 4(1)(ಬಿ). ಕೇಳದೇ ಇದ್ದರೂ ಇಲಾಖೆ ತಾನೇ ಪ್ರಕಟಿಸಬೇಕಾದ ಸಂಗತಿಗಳ ಪಟ್ಟಿ ಅದು. ಅದರ 12ನೇ ಬಾಬು ಸಹಾಯಧನದ ಕಾರ್ಯಕ್ರಮಗಳದ್ದು. ಎಷ್ಟು ಹಣ ಇಟ್ಟಿದ್ದಾರೆ, ಫಲಾನುಭವಿಗಳ ವಿವರ ಏನು ಅಂತ ಪ್ರಕಟಿಸಬೇಕು ಎಂದು ಅಲ್ಲಿ ಬರೆದಿದೆ. ಇಲಾಖೆ ತಾನೇ ಹೊರಗೆ ಹಚ್ಚಬೇಕಾದ ಪಟ್ಟಿಯನ್ನು ಗುಟ್ಟು ಅನ್ನಲು ಹೇಗೆ ಬರುತ್ತದೆ? ನಮ್ಮ ಕೈಯಲ್ಲಿರುವ ಗಟ್ಟಿ ಮಾತು ಇದೇ.

ಎರಡನೆಯದು ಕಲಂ 10. ಒಂದು ಕಾಗದದಲ್ಲಿ ಕೊಡಬಹುದಾದದ್ದೂ ಕೊಡಬಾರದ್ದೂ ಕೂಡಿದ್ದರೆ, ಕೊಡಬಾರದ್ದನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕು. ಕಾಳಿನಾಗ ಹರಳು ಐತಿ ಅಂತ ಚೀಲಾನೇ ಚೆಲ್ಲೋದಲ್ಲ, ಹಸನು ಮಾಡಿ ಕೊಡೋದು.

ಮೂರನೆಯದು ಕಲಂ 8ರ 2ನೇ ಉಪಕಲಂ. ಮಾಹಿತಿ ಕೊಟ್ಟರೆ ಆಗುವ ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚಿದ್ದರೆ, ತಡೆ ಇದ್ದರೂ ಕೊಡಬಹುದು ಅನ್ನುತ್ತದೆ. "ಕೊಡಬಹುದು" ಅಂತ ಇದೆ, "ಕೊಡಲೇಬೇಕು" ಅಂತಿಲ್ಲ. ಅದಕ್ಕೆ ಹಿತ ಏನು ಅಂತ ನಾವೇ ಬಿಡಿಸಿ ಬರೆಯಬೇಕು.

ಈಗ ಅದೇ ಅರ್ಜಿಯನ್ನು ತಿದ್ದಿ ಬರೆಯೋಣ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. "ಪೂರ್ತಿ ಮಾಹಿತಿ" ಅನ್ನುವ ಮಾತು ಬಿಡಬೇಕು. ಅದರೊಳಗೆ ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರ್ ಎಲ್ಲಾ ಬರುತ್ತವೆ, ಇಲ್ಲ ಅನ್ನಲು ನಾವೇ ದಾರಿ ಮಾಡಿಕೊಟ್ಟಂತೆ. ಹೀಗೆ ಬರೆಯಬಹುದು:

"ನಮ್ಮ ಗ್ರಾಮದಲ್ಲಿ ಇಂಥ ವರ್ಷ ಕೃಷಿಹೊಂಡ ಸಹಾಯಧನ ಪಡೆದವರ ಹೆಸರು, ಸರ್ವೆ ನಂಬರ್, ಹೊಂಡದ ಅಳತೆ, ಪಾವತಿಸಿದ ಹಣ, ಅರ್ಜಿ ಬಂದ ದಿನಾಂಕ, ಮಂಜೂರಾದ ದಿನಾಂಕ. ಹೊಂಡದ ಅಳತೆ ಬರೆದ ದಾಖಲೆಯ ನಕಲು. ಆಧಾರ್, ಬ್ಯಾಂಕ್ ಮತ್ತು ಫೋನ್ ಸಂಖ್ಯೆ ಬೇಡ, ಕಲಂ 10ರಂತೆ ಮುಚ್ಚಿ ಕೊಡಿ. ಇದು ಕಲಂ 4(1)(ಬಿ) 12ರಂತೆ ಪ್ರಕಟಿಸಬೇಕಾದ ಮಾಹಿತಿ."

ಈ ಕಾಗದ ಕೈಗೆ ಬಂದರೆ ಎರಡು ಕೆಲಸ ಆಗುತ್ತವೆ. ಅರ್ಜಿ ಬಂದ ದಿನ, ಮಂಜೂರಾದ ದಿನ ಎರಡೂ ಪಕ್ಕಪಕ್ಕ ಇಟ್ಟರೆ ಸರದಿ ತಪ್ಪಿದ್ದು ತಾನೇ ಕಾಣುತ್ತದೆ. ದಾಖಲೆಯಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ ಅಂತ ಬರೆದಿದ್ದರೆ ಆ ಸರ್ವೆ ನಂಬರಿನ ಹೊಲದಲ್ಲಿ ಅಷ್ಟು ದೊಡ್ಡ ಹೊಂಡ ಇದೆಯೋ ಇಲ್ಲವೋ ಬದುವಿನ ಮೇಲೆ ನಿಂತವರಿಗೂ ಕಾಣುತ್ತದೆ. ಯಾರ ಬ್ಯಾಂಕ್ ಪುಸ್ತಕವೂ ಇದಕ್ಕೆ ಬೇಕಾಗಿಲ್ಲ.

ಇನ್ನೊಂದು ಮಾತು. "ಫಲಾನುಭವಿಗಳು ಒಪ್ಪಿಲ್ಲ" ಅಂತಲೂ ಉತ್ತರ ಬರಬಹುದು. ಮೂರನೆಯವರು ಗುಟ್ಟಾಗಿಡಲು ಕೊಟ್ಟ ಮಾಹಿತಿ ಇದ್ದರೆ ಅವರಿಗೆ ನೋಟಿಸು ಕೊಟ್ಟು, 10 ದಿನದೊಳಗೆ ಅವರ ಮಾತು ಕೇಳಬೇಕು ಅನ್ನೋದು ಕಲಂ 11. ಕೇಳಬೇಕು ಅಷ್ಟೇ. ತೀರ್ಮಾನ ಅಧಿಕಾರಿಯದು, ಅವರು ಬೇಡ ಅಂದ ಮಾತ್ರಕ್ಕೆ ಬಾಗಿಲು ಹಾಕಲು ಬರುವುದಿಲ್ಲ.

ಎರಡು: "ತನಿಖೆ ನಡೆದೈತಿ"

ಊರ ಮುಂದಿನ ಹಳ್ಳಕ್ಕೆ ಕಟ್ಟಿದ ಚೆಕ್ ಡ್ಯಾಂ ಮೊದಲ ಮಳೆಗೇ ಒಡೆಯಿತು. ಅದರ ಅಂದಾಜು ಪತ್ರಿಕೆ, ಬಿಲ್ಲುಗಳ ನಕಲು ಕೇಳಿದರೆ ಉತ್ತರ: "ಈ ಬಗ್ಗೆ ತನಿಖೆ ನಡೆದಿರುವುದರಿಂದ ಕಲಂ 8(1)(ಎಚ್) ಪ್ರಕಾರ ನೀಡಲಾಗದು."

(ಎಚ್) ಕಲಮಿನ ಮಾತನ್ನು ಸರಿಯಾಗಿ ಓದಬೇಕು. ತನಿಖೆ ನಡೆದಿದ್ದರೆ ಕೊಡಬೇಡ ಅಂತ ಅದರಲ್ಲಿ ಇಲ್ಲ. ಕೊಟ್ಟರೆ ತನಿಖೆಗೆ, ಅಪರಾಧಿ ಹಿಡಿಯೋದಕ್ಕೆ ಅಡ್ಡಿಯಾಗುವಂಥದ್ದನ್ನು ಕೊಡಬೇಕಾಗಿಲ್ಲ ಅಂತ ಇದೆ. ದೆಹಲಿ ಹೈಕೋರ್ಟ್ 2007ರ ಡಿಸೆಂಬರ್‌ನಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ಇದನ್ನೇ ಹೇಳಿತು: ತನಿಖೆ ಇದೆ ಅನ್ನೋದಷ್ಟೇ ಕಾರಣ ಆಗುವುದಿಲ್ಲ, ಹೇಗೆ ಅಡ್ಡಿ ಅಂತ ಅಧಿಕಾರಿ ತೋರಿಸಬೇಕು. ಸಾಕ್ಷಿ ಹೇಳಿದವರ ಹೆಸರು ಕೇಳಿದರೆ ಅಡ್ಡಿ ಅನ್ನಬಹುದು. ಹಣ ಕೊಟ್ಟು ಮುಗಿದ ಬಿಲ್ಲಿನ ನಕಲು ಕೊಟ್ಟರೆ ಯಾವ ತನಿಖೆ ಕೆಡುತ್ತದೆ? ಮೇಲ್ಮನವಿಯಲ್ಲಿ ಇದೊಂದೇ ಪ್ರಶ್ನೆ ಹಾಕಿದರೆ ಸಾಕು.

ಮೂರು: ಸೊಸೈಟಿ ಬಾಗಿಲು

ಊರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಗೊಬ್ಬರದ ದಾಸ್ತಾನು ಲೆಕ್ಕ ಕೇಳಿದರೆ ಕಾರ್ಯದರ್ಶಿ, "ನಮಗ ಆ ಕಾಯ್ದೆ ಹತ್ತಂಗಿಲ್ರಿ" ಅನ್ನುತ್ತಾನೆ.

ಇದು ಬರೀ ಬಾಯಿಮಾತಲ್ಲ. 2013ರ ಅಕ್ಟೋಬರ್‌ನಲ್ಲಿ ಕೇರಳದ ತಲಪ್ಪಾಲಂ ಸೇವಾ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಸಹಕಾರ ಕಾಯ್ದೆಯಡಿ ನೋಂದಣಿ ಆದ ಮಾತ್ರಕ್ಕೆ ಸಂಘ ಸರ್ಕಾರಿ ಪ್ರಾಧಿಕಾರ ಆಗುವುದಿಲ್ಲ. ಸರ್ಕಾರದ ಒಡೆತನವೋ, ಗಟ್ಟಿ ಹಿಡಿತವೋ, ಗಣನೀಯ ಹಣವೋ ಇದ್ದರೆ ಮಾತ್ರ ಆಗುತ್ತದೆ.

ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಬಾಗಿಲೂ ಇದೆ. ಸಹಕಾರ ಸಂಘಗಳ ನಿಬಂಧಕರು ಮಾಹಿತಿ ಹಕ್ಕಿಗೆ ಒಳಪಟ್ಟವರು. ಸಹಕಾರ ಕಾಯ್ದೆಯಂತೆ ಸಂಘದಿಂದ ಯಾವ ಕಾಗದ ತರಿಸಿಕೊಳ್ಳುವ ಅಧಿಕಾರ ಅವರಿಗಿದೆಯೋ ಆ ಕಾಗದವನ್ನು ಅವರ ಮೂಲಕ ಕೇಳಬಹುದು. ಅದಕ್ಕೆ ಅರ್ಜಿಯನ್ನು ಸೊಸೈಟಿಗೆ ಹಾಕದೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಹಾಕಬೇಕು. ಲೆಕ್ಕಪರಿಶೋಧನಾ ವರದಿ ಕೇಳೋದು ಎಲ್ಲಕ್ಕಿಂತ ಸರಳ.

ನಾಲ್ಕು: ಇಲ್ಲ ಅಂದದ್ದು ಸರಿಯಾದಾಗ

ಎಲ್ಲಾ ನಿರಾಕರಣೆಯೂ ತಪ್ಪಲ್ಲ. "ಬಾಜೂ ಹೊಲದವನ ಬ್ಯಾಂಕಿನಾಗ ಎಷ್ಟು ಸಾಲ ಐತಿ?" ಅಂತ ಕೇಳಿದರೆ ಬ್ಯಾಂಕ್ ಇಲ್ಲ ಅನ್ನುತ್ತದೆ, ಅನ್ನಬೇಕು. ಅದೇ ಕಲಂ ನಾಳೆ ನಮ್ಮ ಖಾತೆಯನ್ನೂ ಕಾಯುತ್ತದೆ.

ಇನ್ನೊಂದು: "ನನಗೆ ಪರಿಹಾರ ಯಾಕೆ ಬಂದಿಲ್ಲ?" ಇದಕ್ಕೂ "ಇದು ಮಾಹಿತಿಯಲ್ಲ" ಅಂತ ಉತ್ತರ ಬರುತ್ತದೆ. ಅಧಿಕಾರಿಯ ಮಾತು ಸರಿ. ಕಚೇರಿಯಲ್ಲಿರುವ ದಾಖಲೆ ಕೊಡುವುದು ಅವರ ಕೆಲಸ, "ಯಾಕೆ" ಅನ್ನೋದಕ್ಕೆ ಹೊಸದಾಗಿ ಉತ್ತರ ಬರೆಯುವುದಲ್ಲ. ಅದನ್ನೇ ತಿರುಗಿಸಿ ಕೇಳಬೇಕು: "ನನ್ನ ಸರ್ವೆ ನಂಬರಿನ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ, ವಿಸ್ತೀರ್ಣದ ನಕಲು. ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ನಕಲು." ಬಿತ್ತಿದ್ದು ಕಡ್ಲಿ, ಬರೆದದ್ದು ಬೀಳು ಅಂತ ಇದ್ದರೆ "ಯಾಕೆ" ಅನ್ನೋದು ಆ ಕಾಗದದಲ್ಲೇ ಸಿಗುತ್ತದೆ. ಇದು ನಿಮ್ಮದೇ ಹೊಲದ ದಾಖಲೆ, ನಿಮ್ಮಿಂದಲೇ ಬಚ್ಚಿಡಲು (ಜೆ) ಕಲಂ ತೋರಿಸಿದರೆ ಒಪ್ಪಬೇಡಿ.

ಪತ್ರ ಬಂದ ಮೇಲೆ

ನಿರಾಕರಣೆ ಪತ್ರ ಕೈಗೆ ಬಂದ ದಿನವನ್ನು ಅದರ ಮೇಲೆ ಬರೆದಿಡಿ, ಲಕೋಟೆಯನ್ನೂ ಇಡಿ. ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹೋಗಬೇಕು. ಅರ್ಜಿಗೆ ಉತ್ತರವೇ ಬರದಿದ್ದರೆ ಅದೂ ನಿರಾಕರಣೆ ಅಂತಲೇ ಲೆಕ್ಕ. 30 ದಿನ ಮುಗಿದ ಮರುದಿನದಿಂದ ಮೇಲ್ಮನವಿಯ ದಿನ ಎಣಿಸಬೇಕು. ತಡವಾಗಿ ಕೊಟ್ಟರೆ ನಕಲಿಗೆ ಹಣ ತೆಗೆದುಕೊಳ್ಳುವಂತಿಲ್ಲ.

ಮೇಲ್ಮನವಿಯ ತೀರ್ಮಾನ 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ಆಗಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗದಲ್ಲಿ ಸರದಿ ಬರಲು ಬಹಳ ದಿನ ಹಿಡಿಯುತ್ತದೆ. ಅದಕ್ಕೇ ಮೊದಲ ಅರ್ಜಿಯನ್ನು ಕಲಂ ನೋಡಿ ಬಿಗಿಯಾಗಿ ಬರೆಯೋದು ಲಾಭ.

ಮೇಲ್ಮನವಿಯಲ್ಲಿ ಕಷ್ಟ ತೋಡಿಕೊಳ್ಳೋದು ಬೇಡ. ಅಧಿಕಾರಿ ಬರೆದ ಕಲಂ ಯಾವುದು, ಆ ಕಲಮಿನ ಮಾತು ಏನು, ನಾವು ಕೇಳಿದ ಕಾಗದಕ್ಕೆ ಅದು ಯಾಕೆ ಹತ್ತುವುದಿಲ್ಲ, ಇಷ್ಟೇ ಬರೆಯಿರಿ. ಇಲ್ಲ ಅಂದದ್ದು ಸರಿ ಅಂತ ತೋರಿಸುವ ಹೊಣೆ ಅಧಿಕಾರಿಯ ಮೇಲಿದೆ, ಕೇಳಿದವನ ಮೇಲಲ್ಲ. ಕಲಂ 19ರ 5ನೇ ಉಪಕಲಂ ಇದನ್ನು ಹೇಳುತ್ತದೆ. ಪತ್ರದಲ್ಲಿ ಕಲಮೇ ಬರೆಯದೆ ಇಲ್ಲ ಅಂದಿದ್ದರೆ, ಮೇಲ್ಮನವಿಯ ಮೊದಲ ಸಾಲಾಗಿ ಅದನ್ನೇ ಹಾಕಿ.